ಸಹಾಯ ಬೇಕು: ಗೆಳತಿಯ ಉದ್ದ ಮೆಸೇಜಿಗೆ ಏನಂತ ಉತ್ತರ ಬರೆಯಲಿ?

ನಾನು ಮೈಸೂರಿನಲ್ಲಿದ್ದೇನೆ, ಗೆಳತಿ ಮಂಡ್ಯದಲ್ಲಿ. ಅವಳ ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ನಿನ್ನೆ ರಾತ್ರಿ ವಾಟ್ಸಾಪಿನಲ್ಲಿ ಒಂದು ಉದ್ದ ಪ್ಯಾರಾ ಕಳಿಸಿದ್ದಾಳೆ. ಅಮ್ಮನ ಎದುರು ಅಳೋಕಾಗಲ್ಲವಂತೆ, ತಿಥಿ ಮುಗಿದ ಮೇಲೆ ಯಾರೂ ಅಪ್ಪನ ಹೆಸರೇ ಎತ್ತುವುದಿಲ್ಲವಂತೆ. ಕೊನೆಯಲ್ಲಿ 'ನೀನೇನೂ ಮಾಡಬೇಡ ಕಣೇ, ಸುಮ್ನೆ ಹೇಳ್ಕೋಬೇಕು ಅನ್ನಿಸ್ತು' ಎಂದಿದ್ದಾಳೆ.

ಮೊದಲು 'ಧೈರ್ಯ ತಂದ್ಕೋ, ಎಲ್ಲಾ ಸರಿಹೋಗುತ್ತೆ' ಎಂದು ಬರೆದು ಅಳಿಸಿದೆ. ಅವಳು ಸಮಾಧಾನ ಕೇಳಿಲ್ಲ, ಅಲ್ವಾ? ಆಮೇಲೆ ನನ್ನ ಅಜ್ಜಿ ಹೋದಾಗಿನ ಕತೆಯನ್ನು ಎಂಟು ಸಾಲು ಬರೆದೆ, ಓದಿ ನೋಡಿದರೆ ಮಾತೆಲ್ಲ ನನ್ನ ಕಡೆಗೇ ತಿರುಗಿತ್ತು, ಅದನ್ನೂ ತೆಗೆದೆ. ನೀಲಿ ಟಿಕ್ ನೋಡಿ ಕಾಯುತ್ತಾಳೆ ಅಂತ 'ಪೂರ್ತಿ ಓದಿದೆ ಕಣೇ, ಸಂಜೆ ಕೂತು ಬರೀತೀನಿ' ಎಂದಷ್ಟೇ ಕಳಿಸಿದ್ದೇನೆ.

ಆ ಪ್ಯಾರಾದಲ್ಲಿ ನಿಜವಾದ ನೋವು ಹೆಸರೆತ್ತದ ಮಾತಿನಲ್ಲೇ ಇದೆ ಅನ್ನಿಸಿತು. ಅದಕ್ಕೇ ಈಗ ಹೀಗೆ ಬರೆದಿದ್ದೇನೆ: 'ಅಮ್ಮನ ಮುಂದೆ ತಡ್ಕೊಂಡಿರೋದು ಎಷ್ಟು ಕಷ್ಟ ಅಲ್ವಾ. ಪರೀಕ್ಷೆ ದಿನ ನಮ್ಮಿಬ್ಬರನ್ನೂ ನಿಮ್ಮಪ್ಪ ಸ್ಕೂಟರಲ್ಲಿ ಕೂರಿಸ್ಕೊಂಡು ಬಂದು, ಮುಗಿಯೋವರೆಗೂ ಗೇಟ್ ಹತ್ರಾನೇ ನಿಂತಿದ್ದರು, ನಂಗೆ ಇನ್ನೂ ನೆನಪಿದೆ. ಅವರ ಬಗ್ಗೆ ಮಾತಾಡಬೇಕು ಅನ್ನಿಸಿದಾಗೆಲ್ಲ ಫೋನ್ ಮಾಡು.'

ಅವಳ ಪ್ಯಾರಾದ ಮುಂದೆ ಇದು ತೀರಾ ಚಿಕ್ಕದಾಯಿತಾ? ಈ ಮೂರು ತಿಂಗಳು ನಾನೂ ಅವರ ಹೆಸರು ಎತ್ತಿಲ್ಲ, ಅದಕ್ಕೆ ಕ್ಷಮೆ ಕೇಳಿದರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೇನೋ ಎಂಬ ಭಯ. 'ಫೋನ್ ಮಾಡು' ಎನ್ನುವ ಬದಲು ಭಾನುವಾರ ರೈಲು ಹತ್ತಿ ನಾನೇ ಹೋಗಿಬಿಡಲಾ? ಇಂಥ ಮೆಸೇಜ್ ಕಳಿಸಿದವರು ಯಾರಾದರೂ ಇದ್ದರೆ, ನಿಮಗೆ ಯಾವ ಉತ್ತರ ಬೇಕಿತ್ತು ಎಂದು ದಯವಿಟ್ಟು ಹೇಳಿ. ಸಂಜೆಯೊಳಗೆ ಕಳಿಸಬೇಕು.