ಪ್ರೊಫೈಲ್‌ನಲ್ಲಿ ಯಾವ ಸರ್ಟಿಫಿಕೇಟ್ ಇರಲಿ, ಯಾವುದು ಹೋಗಲಿ? ತುಮಕೂರು ಉದ್ಯೋಗ ಬಳಗದ ಪ್ರಶ್ನೋತ್ತರ

ತಿಪಟೂರು ಹುಡುಗ: ಮೇಡಂ, ಬಿಸಿಎ ಮುಗಿಸಿ ಡೇಟಾ ಅನಲಿಸ್ಟ್ ಕೆಲಸ ಹುಡುಕುತ್ತಿದ್ದೇನೆ. ಲಿಂಕ್ಡ್‌ಇನ್‌ನಲ್ಲಿ 31 ಸರ್ಟಿಫಿಕೇಟ್ ಹಾಕಿದ್ದೇನೆ. ಎನ್‌ಪಿಟಿಇಎಲ್ ಡಿಬಿಎಂಎಸ್ (78 ಬಂದಿದೆ), ಹ್ಯಾಕರ್‌ರ‍್ಯಾಂಕ್ SQL (Intermediate), ಮೈಕ್ರೋಸಾಫ್ಟ್ PL-300, ಕೋರ್ಸೆರಾದಲ್ಲಿ ಗೂಗಲ್ ಡೇಟಾ ಅನಲಿಟಿಕ್ಸ್ ಮತ್ತು ಅದರ ಒಳಗಿನ ಎಂಟು ಕೋರ್ಸ್. ಉಳಿದದ್ದು ವೆಬಿನಾರ್, ಕ್ವಿಜ್, ಯೂಡೆಮಿ. ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಯ ವರ್ಚುವಲ್ ಇಂಟರ್ನ್‌ಶಿಪ್ ಕೂಡ ಇದೆ, ಅದು Experience ಕೆಳಗಿದೆ. ಒಂದು ಕಾಲ್ ಕೂಡ ಬರುತ್ತಿಲ್ಲ. ಯಾವುದು ಇಡಲಿ, ಯಾವುದು ತೆಗೆಯಲಿ?

ನೇಮಕಾತಿ ಮೇಡಂ: ಪ್ರೊಫೈಲ್ ಲಿಂಕ್ ಕಳಿಸಿ. ನೋಡಿ ರಾತ್ರಿ ಬರೆಯುತ್ತೇನೆ.

ಶಿರಾದಿಂದ ಒಬ್ಬಳು: ಮೇಡಂ, ಲಿಂಕ್ಡ್‌ಇನ್ ಸ್ಕಿಲ್ ಅಸೆಸ್‌ಮೆಂಟ್ ಬ್ಯಾಡ್ಜ್ ತಗೊಂಡ್ರೆ ಒಳ್ಳೇದಾ?

ನೇಮಕಾತಿ ಮೇಡಂ: ಅದು ಈಗ ಇಲ್ಲಮ್ಮ. 2019ರಲ್ಲಿ ಶುರು ಮಾಡಿದ್ದರು, 2023ರ ಕೊನೆಯಲ್ಲಿ ನಿಲ್ಲಿಸಿದರು. ಪರೀಕ್ಷೆ ಬರೆದವರಲ್ಲಿ ಮೇಲಿನ ಶೇ. 30ರೊಳಗೆ ಬಂದರೆ ಬ್ಯಾಡ್ಜ್ ಸಿಗುತ್ತಿತ್ತು. ಪ್ರಶ್ನೆ, ಉತ್ತರ ಎಲ್ಲಾ ಗಿಟ್‌ಹಬ್‌ನಲ್ಲಿ ಬಿದ್ದಿರುತ್ತಿದ್ದವು, ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡು ಬರೆಯುತ್ತಿದ್ದರು. ರೆಸ್ಯೂಮೆಯಲ್ಲಿ ಆ ಬ್ಯಾಡ್ಜ್ ಹೆಸರು ಬರೆದುಕೊಂಡಿದ್ದರೆ ತೆಗೆಯಿರಿ.

ಬಿ.ಎಚ್. ರಸ್ತೆ ಕಂಪ್ಯೂಟರ್ ಸೆಂಟರ್: ಎಲ್ಲರ ಗಮನಕ್ಕೆ. ಇದು ಇನ್ನೊಂದು ಗ್ರೂಪಿನಲ್ಲಿ ಬಂದದ್ದು: "50ಕ್ಕಿಂತ ಜಾಸ್ತಿ ಸರ್ಟಿಫಿಕೇಟ್ ಇರುವ ಪ್ರೊಫೈಲ್ ಸರ್ಚ್‌ನಲ್ಲಿ ತಾನಾಗಿ ಮೇಲೆ ಬರುತ್ತದೆ. ದಿನಕ್ಕೊಂದು ಫ್ರೀ ಸರ್ಟಿಫಿಕೇಟ್ ಸೇರಿಸಿ. ಹತ್ತು ಜನಕ್ಕೆ ಕಳಿಸಿ."

ನೇಮಕಾತಿ ಮೇಡಂ: ಯಾರು ಹೇಳಿದ್ದು ಸರ್ ಇದು? ನಾವು ಹುಡುಕುವುದು ಸ್ಕಿಲ್, ಊರು, ಅನುಭವ ನೋಡಿಕೊಂಡು. ಸರ್ಟಿಫಿಕೇಟ್ ಎಣಿಸುವ ಫಿಲ್ಟರ್ ಇಲ್ಲ. ಪ್ರೊಫೈಲ್ ತೆರೆದರೆ Licenses & certifications ಕೆಳಗೆ ಮೊದಲು ಕಾಣುವುದೇ ಎರಡು ಮೂರು. ಮಿಕ್ಕಿದ್ದನ್ನು ನೋಡಬೇಕಾದರೆ ಒಳಗೆ ಹೋಗಬೇಕು. ಕ್ವಿಜ್ ಸರ್ಟಿಫಿಕೇಟ್ ಮುಂದೆ ಕೂತರೆ ಒಳ್ಳೆಯದು ಒಳಗೆ ಹೂತು ಹೋಗುತ್ತದೆ, ಅಷ್ಟೇ.

ಕುಣಿಗಲ್ ಗೆಳೆಯ: ಎನ್‌ಪಿಟಿಇಎಲ್ ಬಿಟ್ಟು ಮಿಕ್ಕಿದ್ದೆಲ್ಲಾ ವೇಸ್ಟ್. ಅದೊಂದೇ ಐಐಟಿಯವರದ್ದು. ಕೋರ್ಸೆರಾ ದುಡ್ಡು ಕೊಟ್ಟರೆ ಯಾರಿಗೆ ಬೇಕಾದ್ರೂ ಸಿಗುತ್ತೆ.

ಗುಬ್ಬಿ ಅಕ್ಕ: ದುಡ್ಡು ಕೊಟ್ಟರೆ ಸಿಗಲ್ಲ, ಅಸೈನ್‌ಮೆಂಟ್ ಮಾಡಬೇಕು. ನಾನು ಮಗು ಮಲಗಿಸಿ ರಾತ್ರಿ ಕೂತು ಮಾಡಿದ್ದೇನೆ. ಸುಮ್ನೆ ಮಾತಾಡಬೇಡಿ.

ಕುಣಿಗಲ್ ಗೆಳೆಯ: ಅಕ್ಕ, ನಿಮಗೆ ಹೇಳಿದ್ದಲ್ಲ. ಹಾಲ್‌ನಲ್ಲಿ ಕೂತು ಬರೆದ ಪರೀಕ್ಷೆ ಬೇರೆ, ಮನೇಲಿ ಕೂತು ಮಾಡೋದು ಬೇರೆ ಅಂದೆ.

ವಸಂತನರಸಾಪುರ ಫಿಟ್ಟರ್: ಮೇಡಂ, ನಾನು ಐಟಿಐ ಫಿಟ್ಟರ್. ಫ್ಯಾಕ್ಟರಿ ಲೈನಿನಲ್ಲಿದ್ದೇನೆ. ಸಿಎನ್‌ಸಿ ಕೋರ್ಸ್ ಮಾಡಿದ ಸರ್ಟಿಫಿಕೇಟ್ ಇದೆ. ನನಗೂ ಲಿಂಕ್ಡ್‌ಇನ್ ಬೇಕಾ?

ನೇಮಕಾತಿ ಮೇಡಂ: ತಿಪಟೂರಿನವರೇ, ನಿಮ್ಮ ಪ್ರೊಫೈಲ್ ನೋಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ. ಕಾಲ್ ಬರದೇ ಇರುವುದಕ್ಕಿಂತ ಕಾಲ್ ಬಂದ ಮೇಲೆ ಏನಾಗುತ್ತದೆ ಅನ್ನುವುದು ನನಗೆ ಚಿಂತೆ.

ಮೊದಲು Experience ಸರಿಮಾಡಿ. ಅಲ್ಲಿ "ಇಂಟರ್ನ್" ಅಂತ ಬರೆದು ಪಟ್ಟಿಯಿಂದ ಆ ಕಂಪನಿ ಹೆಸರು ಆರಿಸಿದ್ದೀರಿ. ಹಾಗೆ ಮಾಡಿದ ತಕ್ಷಣ ಕಂಪನಿಯ ಲೋಗೋ ಬರುತ್ತದೆ, ಆ ಕಂಪನಿಯಲ್ಲಿದ್ದವರನ್ನು ಹುಡುಕಿದರೆ ನೀವೂ ಸಿಗುತ್ತೀರಿ. ಆದರೆ ನೀವು ಅಪ್‌ಲೋಡ್ ಮಾಡಿರುವ ಪಿಡಿಎಫ್ ತೆರೆದರೆ ಅದರಲ್ಲಿ Job Simulation ಅಂತ ಇದೆ. ಫೋರೇಜ್ ಅನ್ನುವ ಸೈಟಿನಲ್ಲಿ ಮಾಡಿದ್ದು. ವಿಡಿಯೊ ನೋಡಿ, ಟಾಸ್ಕ್ ಅಪ್‌ಲೋಡ್ ಮಾಡಿ, ಮಾದರಿ ಉತ್ತರದ ಜೊತೆ ನಿಮ್ಮದನ್ನು ನೀವೇ ಹೋಲಿಸಿ ನೋಡಿದ್ದೀರಿ. ಕಲಿಯಲು ಒಳ್ಳೆಯದು, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಕಂಪನಿ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ, ನಿಮ್ಮ ಮೇಲೆ ಮೇನೇಜರ್ ಇರಲಿಲ್ಲ. ಆಫರ್ ಆದ ಮೇಲೆ ಹಿನ್ನೆಲೆ ಪರಿಶೀಲನೆಯವರು ನೀವು ಬರೆದ ಪ್ರತಿ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕುತ್ತಾರೆ. "ಈ ಹೆಸರಿನ ಇಂಟರ್ನ್ ನಮ್ಮಲ್ಲಿ ಇರಲಿಲ್ಲ" ಅಂತ ಉತ್ತರ ಬಂದರೆ ರಿಪೋರ್ಟ್‌ನಲ್ಲಿ ಅದು ವ್ಯತ್ಯಾಸ ಅಂತ ದಾಖಲಾಗುತ್ತದೆ. ಗೊತ್ತಿಲ್ಲದೆ ಹಾಕಿದ್ದೋ, ಬೇಕಂತ ಹಾಕಿದ್ದೋ ಅಂತ ಆಗ ಯಾರೂ ಕೇಳುವುದಿಲ್ಲ. Experience ಸಾಲು ಅಳಿಸಿ. ಬೇಕಿದ್ದರೆ ಸರ್ಟಿಫಿಕೇಟ್ ವಿಭಾಗದಲ್ಲಿ Job Simulation ಅನ್ನುವ ಹೆಸರಿನಲ್ಲೇ, ಕೊಟ್ಟವರು ಫೋರೇಜ್ ಅಂತ ಹಾಕಿ.

ಈಗ PL-300. ನಿಮ್ಮ ಪಟ್ಟಿಯಲ್ಲಿ ತೂಕ ಇರುವುದು ಇದಕ್ಕೇ. ಹಣ ಕಟ್ಟಿ, ಯಾರೋ ಕಾಯುತ್ತಿರುವಾಗ ಬರೆಯುವ ಪರೀಕ್ಷೆ, ಫೇಲೂ ಆಗಬಹುದು. ಪವರ್ ಬಿಐ ಕೇಳುವ ಕೆಲಸಕ್ಕೆ ನೇರವಾಗಿ ಹೊಂದುತ್ತದೆ. ಆದರೆ ನೀವು ಹಾಕಿರುವ ದಿನಾಂಕದ ಪ್ರಕಾರ ಮುಂದಿನ ತಿಂಗಳು ಅವಧಿ ಮುಗಿಯುತ್ತದೆ! ಈ ಮಟ್ಟದ ಸರ್ಟಿಫಿಕೇಟ್‌ಗೆ ಒಂದೇ ವರ್ಷ. ಮುಗಿಯುವ ಆರು ತಿಂಗಳ ಮೊದಲಿಂದಲೇ ಮೈಕ್ರೋಸಾಫ್ಟ್ ಲರ್ನ್‌ನಲ್ಲಿ ನವೀಕರಣದ ಪರೀಕ್ಷೆ ತೆರೆದಿರುತ್ತದೆ. ಉಚಿತ, ಮನೆಯಲ್ಲೇ ಕೂತು, ಪುಸ್ತಕ ನೋಡಿಕೊಂಡು ಬರೆಯಬಹುದು. ಒಂದು ದಿನ ತಪ್ಪಿದರೂ ಆ ದಾರಿ ಮುಚ್ಚುತ್ತದೆ, ಮತ್ತೆ ಹಣ ಕಟ್ಟಿ ಪೂರ್ತಿ ಪರೀಕ್ಷೆ. 31ರಲ್ಲಿ ಈ ಒಂದು ಮರೆತುಹೋಗಿದೆ ನೋಡಿ. ರಾಶಿ ಹಾಕಿದರೆ ಹೀಗೇ ಆಗುವುದು.

ಎನ್‌ಪಿಟಿಇಎಲ್ ಇರಲಿ. 75ರಿಂದ 89ರೊಳಗೆ ಬಂದರೆ ಎಲೈಟ್ + ಸಿಲ್ವರ್, ಅದನ್ನು ಹೆಸರಲ್ಲೇ ಬರೆಯಿರಿ, ನೀವು ಬಿಟ್ಟಿದ್ದೀರಿ. ಕುಣಿಗಲ್‌ನವರು ಹೇಳಿದ್ದರಲ್ಲಿ ಒಂದು ಮಾತು ಸರಿ. ನೂರರಲ್ಲಿ 75 ಭಾಗ ಕೇಂದ್ರಕ್ಕೆ ಹೋಗಿ ಬರೆದ ಪರೀಕ್ಷೆಯದ್ದು, 25 ಅಸೈನ್‌ಮೆಂಟ್‌ನದ್ದು. ಹಾಗಾಗಿ ನಂಬಿಕೆ ಜಾಸ್ತಿ. ಹಾಗಂತ ಮಿಕ್ಕಿದ್ದು ವೇಸ್ಟ್ ಅಲ್ಲ.

ಗೂಗಲ್‌ನದ್ದು ಒಂದೇ ಸಾಲು ಸಾಕು, ಮುಖ್ಯ ಸರ್ಟಿಫಿಕೇಟ್ ಮಾತ್ರ. ಒಳಗಿನ ಎಂಟನ್ನು ಬೇರೆ ಬೇರೆ ಹಾಕಿದರೆ ಒಂದೇ ಓದನ್ನು ಒಂಬತ್ತು ಸಲ ಹೇಳಿದ ಹಾಗೆ. ಹ್ಯಾಕರ್‌ರ‍್ಯಾಂಕ್‌ನ SQL (Intermediate) ಇರಲಿ. ಆದರೆ ಅಲ್ಲಿ ಎರಡು ಥರ ಇವೆ. ಅಭ್ಯಾಸದ ಲೆಕ್ಕ ಮಾಡಿದ್ದಕ್ಕೆ ಬರುವ ಸ್ಟಾರ್ ಬೇರೆ, ಸಮಯ ಇಟ್ಟು ಪರೀಕ್ಷೆ ಕೊಟ್ಟು ಸಿಗುವ ಸರ್ಟಿಫಿಕೇಟ್ ಬೇರೆ. ನೀವು ಎರಡನ್ನೂ ಹಾಕಿದ್ದೀರಿ, ಸ್ಟಾರ್ ತೆಗೆಯಿರಿ. ಆ ಸರ್ಟಿಫಿಕೇಟ್ ಪರೀಕ್ಷೆಯೂ ಮನೆಯಲ್ಲಿ ಬರೆದದ್ದೇ, ಹಾಗಾಗಿ ಇಂಟರ್‌ವ್ಯೂನಲ್ಲಿ ಜಾಯಿನ್ ಬರೆಯಿರಿ ಅಂದೇ ಅನ್ನುತ್ತಾರೆ.

ವೆಬಿನಾರ್, ಕ್ವಿಜ್, "ಭಾಗವಹಿಸಿದ್ದಕ್ಕೆ" ಅಂತ ಇರುವುದೆಲ್ಲಾ ಹೋಗಲಿ. ಯೂಡೆಮಿಯದ್ದರಲ್ಲಿ ಪರೀಕ್ಷೆಯಿಲ್ಲ, ವಿಡಿಯೊ ಮುಗಿಸಿದರೆ ಸಿಗುತ್ತದೆ. ಅದರಲ್ಲಿ ಕಲಿತದ್ದರಿಂದ ಒಂದು ಡ್ಯಾಶ್‌ಬೋರ್ಡ್ ಮಾಡಿದ್ದರೆ ಡ್ಯಾಶ್‌ಬೋರ್ಡ್ ತೋರಿಸಿ, ಸರ್ಟಿಫಿಕೇಟ್ ಅಲ್ಲ.

ಇನ್ನೊಂದು. ನಿಮ್ಮ Credential URL ಒತ್ತಿ ನೋಡಿದೆ. ಎಷ್ಟೋ ಕಡೆ ಗೂಗಲ್ ಡ್ರೈವ್ ತೆರೆದು "Request access" ಅಂತ ಬಂತು. ನಾನು ಅನುಮತಿ ಕೇಳುತ್ತಾ ಕೂರುವುದಿಲ್ಲ, ಯಾರೂ ಕೂರುವುದಿಲ್ಲ. ತೆರೆದರೂ ಡ್ರೈವ್‌ನಲ್ಲಿರುವ ಪಿಡಿಎಫ್ ಸಾಕ್ಷಿಯಲ್ಲ, ಯಾರು ಬೇಕಾದರೂ ಮಾಡಬಹುದು. ಕೊಟ್ಟ ಸಂಸ್ಥೆಯ ಸೈಟಿನಲ್ಲೇ ತೆರೆಯುವ ಲಿಂಕ್ ಹಾಕಿ. ಹೆಸರೂ ನೋಡಿಕೊಳ್ಳಿ. ಪ್ರೊಫೈಲ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರಿದೆ, ಎನ್‌ಪಿಟಿಇಎಲ್‌ನಲ್ಲಿ ಊರು, ಅಪ್ಪನ ಇನಿಷಿಯಲ್ ಸೇರಿದ ಹೆಸರಿದೆ. ಇಬ್ಬರೂ ಒಬ್ಬರೇ ಅಂತ ನನಗೆ ಹೇಗೆ ಗೊತ್ತಾಗಬೇಕು? ಮಾರ್ಕ್ಸ್ ಕಾರ್ಡಿನ ಹೆಸರೇ ಪ್ರೊಫೈಲ್‌ನಲ್ಲೂ ಇರಲಿ.

ಉಳಿಯುವುದು ನಾಲ್ಕು. ಫೋರೇಜ್ ಸೇರಿಸಿದರೆ ಐದು.

ಕುಣಿಗಲ್ ಗೆಳೆಯ: ಮೇಡಂ, ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಲೈಫ್‌ಟೈಮ್. ನಂದು AZ-900, ಎಕ್ಸ್‌ಪೈರಿ ಅಂತಲೇ ಇಲ್ಲ. ಹುಡುಗನ್ನ ಸುಮ್ನೆ ಹೆದರಿಸಬೇಡಿ.

ನೇಮಕಾತಿ ಮೇಡಂ: AZ-900 ಫಂಡಮೆಂಟಲ್ಸ್. ಅವಕ್ಕೆ ಅವಧಿ ಇಲ್ಲ, ನಿಜ. PL-300 ಅಸೋಸಿಯೇಟ್. ಅದಕ್ಕೆ ಇದೆ.

ಬಿ.ಎಚ್. ರಸ್ತೆ ಕಂಪ್ಯೂಟರ್ ಸೆಂಟರ್: ನಮ್ಮ ಸೆಂಟರ್ ಐಎಸ್‌ಒ 9001 ಸರ್ಟಿಫೈಡ್. ನಮ್ಮ ಡಿಪ್ಲೊಮಾ ಹಾಕಬಹುದಲ್ವಾ?

ನೇಮಕಾತಿ ಮೇಡಂ: ಐಎಸ್‌ಒ 9001 ನಿಮ್ಮ ಸಂಸ್ಥೆ ಕೆಲಸ ನಡೆಸುವ ಪದ್ಧತಿಗೆ ಕೊಟ್ಟದ್ದು. ನಿಮ್ಮ ಹುಡುಗನಿಗೆ ಎಕ್ಸೆಲ್ ಬರುತ್ತದೆ ಅಂತ ಅದು ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ ನಂಬರ್ ಹಾಕಿ ಪರಿಶೀಲಿಸಲು ಬರುತ್ತಾ?

ಬಿ.ಎಚ್. ರಸ್ತೆ ಕಂಪ್ಯೂಟರ್ ಸೆಂಟರ್: ಫೋನ್ ಮಾಡಿದರೆ ಹೇಳುತ್ತೇವೆ. ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದೇವೆ. ಬೆಂಗಳೂರಿನವರಿಗೆ ನಮ್ಮೂರಿನ ಸೆಂಟರ್ ಅಂದ್ರೆ ತಾತ್ಸಾರ.

ಗುಬ್ಬಿ ಅಕ್ಕ: ಮೇಡಂ ತುಮಕೂರಿನವರೇ ಸರ್. ದಿನಾ ಟ್ರೈನಲ್ಲಿ ಓಡಾಡ್ತಾರೆ.

ಪಾವಗಡದವ: ಟ್ಯಾಲಿ ಸರ್ಟಿಫಿಕೇಟ್ ಹಾಕಬಹುದಾ?

ನೇಮಕಾತಿ ಮೇಡಂ: ಅಕೌಂಟ್ಸ್ ಕೆಲಸಕ್ಕೆ ಹಾಕಿ. ಬೇರೆಯದಕ್ಕೆ ಬೇಡ.

ಶಿರಾದಿಂದ ಇನ್ನೊಬ್ಬ: ಲಿಂಕ್ಡ್‌ಇನ್ ಸ್ಕಿಲ್ ಬ್ಯಾಡ್ಜ್ ಎಲ್ಲಿ ಸಿಗುತ್ತೆ ಮೇಡಂ?

ನೇಮಕಾತಿ ಮೇಡಂ: ಮೇಲೆ ಓದಿ.

ವಸಂತನರಸಾಪುರ ಫಿಟ್ಟರ್: ಮೇಡಂ, ನನ್ನ ಪ್ರಶ್ನೆ?

ಗುಬ್ಬಿ ಅಕ್ಕ: ತಮ್ಮಾ, ನಮ್ಮ ಯಜಮಾನರೂ ಫ್ಯಾಕ್ಟರಿಯಲ್ಲೇ. ಅಲ್ಲಿ ಪ್ರೊಫೈಲ್ ಯಾರು ನೋಡ್ತಾರೆ, ಗೇಟಲ್ಲಿ ಐಟಿಐ ಸರ್ಟಿಫಿಕೇಟ್ ಕೇಳ್ತಾರೆ, ಮಿಷನ್ ಮುಂದೆ ನಿಲ್ಲಿಸ್ತಾರೆ. ಆಮೇಲೆ ಮೇಡಂ ಏನಂತಾರೋ ನೋಡು.

ಮಧುಗಿರಿ: ಆ Experience ವಿಷಯ ಜಾಸ್ತಿ ಆಯ್ತು ಮೇಡಂ. ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಹಾಗೇ ಹಾಕಿದ್ದಾರೆ. ಒಬ್ಬನಿಗೆ ಕೆಲಸವೂ ಸಿಕ್ಕಿದೆ. ಯಾರೂ ಏನೂ ಕೇಳಲಿಲ್ಲ.

ನೇಮಕಾತಿ ಮೇಡಂ: ಸಿಕ್ಕಿರಬಹುದು. ಎಲ್ಲಾ ಕಂಪನಿಯೂ ಪರಿಶೀಲಿಸುವುದಿಲ್ಲ. ಪರಿಶೀಲಿಸುವ ಕಂಪನಿಯಲ್ಲಿ ಸಿಕ್ಕಿಬಿದ್ದವರು ನಿಮ್ಮ ಗ್ರೂಪಿನಲ್ಲಿ ಬಂದು ಹೇಳಿಕೊಳ್ಳುವುದಿಲ್ಲ.

ಮಧುಗಿರಿ: ಫ್ರೆಶರ್ ಅಂದ್ರೆ ಅನುಭವ ಕೇಳ್ತೀರಿ, ಏನಾದ್ರೂ ಹಾಕಿದ್ರೆ ಸುಳ್ಳು ಅಂತೀರಿ. ನೀವೇ ಹೇಳಿ, ಏನು ಹಾಕಬೇಕು?

ಕುಣಿಗಲ್ ಗೆಳೆಯ: ಇದಕ್ಕೆ ಉತ್ತರ ಕೊಡಿ ಮೇಡಂ. ನಾನೂ ಕಾಯ್ತಿದ್ದೇನೆ.

ತಿಪಟೂರು ಹುಡುಗ: ಮೇಡಂ, Experience ಅಳಿಸಿದೆ. PL-300 ನವೀಕರಣದ ಬಟನ್ ಸಿಕ್ಕಿತು, ಭಾನುವಾರ ಬರೆಯುತ್ತೇನೆ. ಆದರೆ ಹಳೇ ರೆಸ್ಯೂಮೆ ಎಷ್ಟೋ ಕಡೆ ಕಳಿಸಿಬಿಟ್ಟಿದ್ದೇನೆ, ಅದರಲ್ಲಿ ಇಂಟರ್ನ್ ಅಂತಲೇ ಇದೆ. ಅದಕ್ಕೇನು ಮಾಡಲಿ?

ನೇಮಕಾತಿ ಮೇಡಂ: ಯಾರಿಂದಾದರೂ ಉತ್ತರ ಬಂದರೆ ಮೊದಲ ಮೇಲ್‌ನಲ್ಲೇ ತಿದ್ದಿದ ರೆಸ್ಯೂಮೆ ಲಗತ್ತಿಸಿ, "ಇದು ಈಗಿನದು, ಇದನ್ನೇ ಪರಿಗಣಿಸಿ" ಅಂತ ಬರೆಯಿರಿ. ಪರಿಶೀಲನೆಯ ಫಾರ್ಮ್ ತುಂಬುವ ಮೊದಲು ಇದು ಆಗಬೇಕು. ಫಾರ್ಮ್‌ನಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಇರಬಾರದು. ಮಧುಗಿರಿಯವರಿಗೆ ನಾಳೆ ಬರೆಯುತ್ತೇನೆ, ಟ್ರೈನ್ ಬಂತು.

ಬಿ.ಎಚ್. ರಸ್ತೆ ಕಂಪ್ಯೂಟರ್ ಸೆಂಟರ್: ನಮ್ಮ ಡಿಪ್ಲೊಮಾ ಬಗ್ಗೆ ಇನ್ನೂ ಸರಿಯಾಗಿ ಹೇಳಿಲ್ಲ.

ಪಾವಗಡದವ: ಟ್ಯಾಲಿ ಜೊತೆ ಜಿಎಸ್‌ಟಿ ಕೋರ್ಸ್ ಮಾಡಿದ್ದರೆ ಒಂದೇ ಸಾಲಾ, ಎರಡಾ?