ನ್ಯೂಮೆರಿಕಲ್ ಪ್ರಶ್ನೆ: ಉತ್ತರ ಟೈಪ್ ಮಾಡಲೋ, ಖಾಲಿ ಬಿಡಲೋ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ):
ಸರ್, ಜೆಇಇ ಮೇನ್‌ನಲ್ಲಿ ಪ್ರತಿ ವಿಷಯಕ್ಕೆ 5 ನ್ಯೂಮೆರಿಕಲ್ ಇರುತ್ತವೆ. ಅದರಲ್ಲಿ ಎರಡು ಖಚಿತವಾಗಿ ಬರುತ್ತವೆ. ಉಳಿದವುಗಳಲ್ಲಿ ಉತ್ತರ ಏನೋ ಒಂದು ಬರುತ್ತೆ, ಆದರೆ ಧೈರ್ಯ ಇರಲ್ಲ. ತಪ್ಪಾದರೆ ಮೈನಸ್ 1. ಮಾಕ್ ಟೆಸ್ಟ್‌ನಲ್ಲಿ ಎಲ್ಲವನ್ನೂ ಹಾಕಿದರೆ ಅಂಕ ಕಡಿಮೆಯಾಗುತ್ತೆ, ಬಿಟ್ಟರೆ ಆಮೇಲೆ ನೋಡಿದಾಗ ಸರಿ ಇದ್ದವೂ ಇರುತ್ತವೆ. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು?

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ:
ನ್ಯೂಮೆರಿಕಲ್‌ಗೆ ನೆಗೆಟಿವ್ ಇಲ್ಲಮ್ಮ, ಕಣ್ಮುಚ್ಚಿ ಹಾಕು. ನಾನು 2021ರಲ್ಲಿ ಬರೆದಾಗ ಹತ್ತರಲ್ಲಿ ಯಾವುದಾದರೂ ಐದು ಬರೆಯಬೇಕಿತ್ತು. ತಪ್ಪಿಗೆ ಏನೂ ಕಳೀತಿರಲಿಲ್ಲ.

ಭೌತಶಾಸ್ತ್ರ ಉಪನ್ಯಾಸಕ:
ನೀವು ಬರೆದ ವರ್ಷಕ್ಕೆ ಅದು ಸರಿ. 2022ರಿಂದ ನ್ಯೂಮೆರಿಕಲ್‌ಗೂ ಮೈನಸ್ 1 ಬಂತು. 2025ರಲ್ಲಿ ಆಯ್ಕೆಯೂ ಹೋಯ್ತು. ಈಗ ವಿಷಯಕ್ಕೆ ಐದೇ ಪ್ರಶ್ನೆ, ಐದೂ ಲೆಕ್ಕಕ್ಕೆ. ಹಳೇ ಸೀನಿಯರ್‌ಗಳ ಮಾತು ಕೇಳಿ ಹಾಲ್‌ಗೆ ಹೋಗೋ ಮಕ್ಕಳು ಪ್ರತಿ ವರ್ಷ ಸಿಗ್ತಾರೆ.

ನೋಡಮ್ಮ, ಮೊದಲು ಲೆಕ್ಕ. ಸರಿಯಾದರೆ 4, ತಪ್ಪಾದರೆ ಮೈನಸ್ 1. ಅನುಮಾನದ ಹತ್ತು ಪ್ರಶ್ನೆ ಹಾಕಿ ಎರಡು ಸರಿಯಾದವು ಅಂದ್ಕೋ. ಎಂಟು ಬಂತು, ಎಂಟು ಹೋಯ್ತು, ಕೈಗೆ ಸೊನ್ನೆ. ಮೂರು ಸರಿಯಾದರೆ ಐದು ಅಂಕ ಲಾಭ. ಅಂದರೆ ಐದರಲ್ಲಿ ಒಂದಕ್ಕಿಂತ ಜಾಸ್ತಿ ಸರಿಯಾಗುವಂಥ ಅನುಮಾನವಾದರೆ ಹಾಕಬೇಕು. ನೀನು ಅಂದ್ಕೊಂಡಿರೋದಕ್ಕಿಂತ ಈ ಗೆರೆ ತುಂಬಾ ಕೆಳಗಿದೆ. ಮಕ್ಕಳು ಸಾಮಾನ್ಯವಾಗಿ ಅರ್ಧಕ್ಕರ್ಧ ಧೈರ್ಯ ಇದ್ದರೂ ಬಿಟ್ಟುಬಿಡ್ತಾರೆ.

ಆದರೆ ಎಂಸಿಕ್ಯೂ ಥರ ಸುಮ್ನೆ ಊಹಿಸಿ ಹಾಕೋಕೆ ಇಲ್ಲಿ ಆಗಲ್ಲ. ಅಲ್ಲಿ ನಾಲ್ಕು ಆಯ್ಕೆ ಇರೋದರಿಂದ ಕಣ್ಮುಚ್ಚಿ ಹಾಕಿದರೂ ನಾಲ್ಕರಲ್ಲಿ ಒಂದು ಸಾಧ್ಯತೆ ಇದೆ. ಇಲ್ಲಿ ಊಹೆಗೆ ಹಿಡಿತವೇ ಇಲ್ಲ, 3 ಆಗಬಹುದು, 340 ಆಗಬಹುದು. ಹಾಗಾಗಿ ನೋಡಬೇಕಾದ್ದು ಒಂದೇ: ನಿನ್ನ ಅನುಮಾನ ಎಲ್ಲಿ ಕೂತಿದೆ?

ಒಂದು ಉದಾಹರಣೆ ತಗೊಳ್ಳೋಣ. ಘನ ಗೋಳವೊಂದು 1.4 ಮೀಟರ್ ಎತ್ತರದಿಂದ ಇಳಿಜಾರಿನಲ್ಲಿ ಜಾರದೆ ಉರುಳಿ ಬರುತ್ತೆ. ಕೆಳಗೆ ಬಂದಾಗ ವೇಗ √x, g = 10, x ಎಷ್ಟು? ನಿನಗೆ ವಿಧಾನ ಗೊತ್ತು, ಶಕ್ತಿ ಸಂರಕ್ಷಣೆ. ಆದರೆ ಜಡತ್ವ ಭ್ರಮಣಾಂಕ 2/5 ಹಾಕಬೇಕೋ 2/3 ಹಾಕಬೇಕೋ ಅಂತ ಗೊಂದಲ. ಎರಡನ್ನೂ ಹಾಕಿ ನೋಡು:

```
2/5:  v² = 10gh/7 = 20
2/3:  v² = 6gh/5  = 16.8
```

ಉತ್ತರ ಪೂರ್ಣಾಂಕ ಆಗಬೇಕು ಅಂದಮೇಲೆ 16.8 ಬಿದ್ದುಹೋಯ್ತು. ಮೇಲಾಗಿ ಎತ್ತರ 1.4 ಯಾಕೆ ಕೊಟ್ಟರು ಯೋಚಿಸು. 7ರಿಂದ ಭಾಗ ಹೋಗಲಿ ಅಂತಲೇ. ಪ್ರಶ್ನೆ ಮಾಡಿದವರು ದತ್ತಾಂಶದಲ್ಲೇ ಗುರುತು ಬಿಟ್ಟಿರ್ತಾರೆ. ಇಂಥ ಜಾಗದಲ್ಲಿ 20 ಹಾಕದೆ ಬಂದರೆ ನಷ್ಟ ನಿನ್ನದೇ.

ಈ ಪರೀಕ್ಷೆಗೂ ಮಿತಿ ಇದೆ. ಗೋಳ ತಿರುಗುತ್ತೆ ಅನ್ನೋದನ್ನೇ ಮರೆತು ಬರೀ 2gh ಅಂತ ಬರೆದರೆ 28 ಬರುತ್ತೆ. ಅದೂ ಪೂರ್ಣಾಂಕವೇ! ಪೂರ್ಣಾಂಕ ಬಂತು ಅಂದ ಮಾತ್ರಕ್ಕೆ ಸರಿ ಅಂತಲ್ಲ. ಬರಲಿಲ್ಲ ಅಂದರೆ ಎಲ್ಲೋ ತಪ್ಪಿದೆ ಅನ್ನೋ ಸೂಚನೆ, ಅಷ್ಟೇ. ಪ್ರಶ್ನೆಯಲ್ಲೇ ಹತ್ತಿರದ ಪೂರ್ಣಾಂಕ ಕೊಡಿ ಅಂತ ಇದ್ದರೆ ಆ ಸೂಚನೆಯೂ ಸಿಗಲ್ಲ. 16.8 ಇದ್ದದ್ದು 17 ಆಗಿ ಕೂತುಬಿಡುತ್ತೆ.

ಹಾಗಾಗಿ ವಿಧಾನ ಗೊತ್ತಿದ್ದು, 2ರಿಂದ ಗುಣಿಸಬೇಕೋ ಬೇಡವೋ, ಪ್ಲಸ್ಸೋ ಮೈನಸ್ಸೋ ಅಂತ ಎರಡು ಉತ್ತರದ ನಡುವೆ ನಿಂತಿದ್ದರೆ ಹಾಕು. ವಿಧಾನದ ಮೇಲೇ ಅನುಮಾನವಿದ್ದು, ಸೂತ್ರ ಎಲ್ಲಿಂದಲೋ ನೆನಪಾಗಿ ಒಂದು ಸಂಖ್ಯೆ ಬಂದಿದ್ದರೆ ಬಿಡು.

ಒಬ್ಬ ತಾಯಿ:
ನನ್ನ ಮಗಳು ಕೆಸಿಇಟಿ ಬರೀತಿದಾಳೆ. ಅವಳಿಗೂ ಹೀಗೇನಾ? ಭಯಕ್ಕೆ ಮಾಕ್‌ನಲ್ಲಿ ಎಂಟ್ಹತ್ತು ಪ್ರಶ್ನೆ ಖಾಲಿ ಬಿಡ್ತಾಳೆ.

ಭೌತಶಾಸ್ತ್ರ ಉಪನ್ಯಾಸಕ:
ಬೇಡ ಅಮ್ಮ. ಕೆಸಿಇಟಿಯಲ್ಲಿ ನೆಗೆಟಿವ್ ಇಲ್ಲ, ಎಲ್ಲವೂ ಆಯ್ಕೆ ಪ್ರಶ್ನೆ. ಒಂದೂ ಖಾಲಿ ಬಿಡಬಾರದು. ಎರಡೂ ಪರೀಕ್ಷೆ ಬರೆಯುವ ಮಕ್ಕಳಿಗೆ ಒಂದರ ಅಭ್ಯಾಸ ಇನ್ನೊಂದಕ್ಕೆ ಅಂಟಿಕೊಳ್ಳುತ್ತೆ, ಅದೇ ತೊಂದರೆ.

ಪ್ರಶ್ನೆ ಕೇಳಿದವರು:
ಸರ್, ಐದರಲ್ಲಿ ಒಂದು ಅಂತೀರಿ. ನನ್ನ ಅನುಮಾನ ಐದರಲ್ಲಿ ಒಂದೋ ಎರಡೋ ಅಂತ ನನಗೆ ಹೇಗೆ ಗೊತ್ತಾಗಬೇಕು?

ಭೌತಶಾಸ್ತ್ರ ಉಪನ್ಯಾಸಕ:
ಮಾಕ್ ಟೆಸ್ಟ್‌ನಲ್ಲಿ ಎಲ್ಲವನ್ನೂ ಹಾಕು, ಆದರೆ ರಫ್ ಶೀಟ್‌ನಲ್ಲಿ ಪ್ರತಿ ಅನುಮಾನದ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆ. ವಿಧಾನ ಸರಿ, ಲೆಕ್ಕದಲ್ಲಿ ಅನುಮಾನ ಅಂದರೆ ‘ಲೆ’. ವಿಧಾನದಲ್ಲೇ ಅನುಮಾನ ಅಂದರೆ ‘ವಿ’. ಕೀ ನೋಡೋಕೆ ಮೊದಲೇ ಬರೀಬೇಕು, ಆಮೇಲೆ ಬರೆದರೆ ಮನಸ್ಸು ಮೋಸ ಮಾಡುತ್ತೆ. ಕೆಲವು ಮಾಕ್ ಆದಮೇಲೆ ಪ್ರತಿ ಗುಂಪಿನಲ್ಲಿ ಎಷ್ಟು ಸರಿ ಅಂತ ಎಣಿಸು. ನಿನ್ನ ‘ವಿ’ ಹತ್ತರಲ್ಲಿ ಒಂದು ಸರಿಯಾಗ್ತಿದ್ದರೆ ಮುಂದೆ ಬಿಡು, ಮೂರು ಸರಿಯಾಗ್ತಿದ್ದರೆ ಹಾಕು. ವಿಷಯವಾರು ಬೇರೆ ಬೇರೆ ಎಣಿಸು. ಗಣಿತದಲ್ಲಿ ಧೈರ್ಯ ಜಾಸ್ತಿ, ಅಂಕ ಕಮ್ಮಿ ಇರೋರನ್ನ ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು, ಮೈನಸ್ 1ಕ್ಕಿಂತ ದುಬಾರಿ ಇರೋದು ಸಮಯ. 180 ನಿಮಿಷಕ್ಕೆ 75 ಪ್ರಶ್ನೆ, ಒಂದಕ್ಕೆ ಎರಡೂವರೆ ನಿಮಿಷವೂ ಇಲ್ಲ. ಅನುಮಾನದ ನ್ಯೂಮೆರಿಕಲ್ ಹಿಂದೆ ಏಳು ನಿಮಿಷ ಕೂತರೆ ಎರಡು ಸುಲಭದ ಎಂಸಿಕ್ಯೂ ಕೈ ತಪ್ಪಿದ ಹಾಗೆ.

ಕೋಚಿಂಗ್‌ನಲ್ಲಿ ಗಣಿತ ಕಲಿಸುವವರು:
ಸರ್, ಒಂದು ಮಾತು. ಎರಡು ಸೆಷನ್ ಬರೆದರೆ ಒಳ್ಳೇ ಸ್ಕೋರ್ ಮಾತ್ರ ರ‍್ಯಾಂಕಿಗೆ ಹೋಗುತ್ತೆ. ಹಾಗಾಗಿ ಜನವರಿಯಲ್ಲಿ ‘ವಿ’ ಗುಂಪನ್ನೂ ಹಾಕಿಬಿಡಿ ಅಂತ ನಾನು ಹೇಳ್ತೀನಿ. ಅದೃಷ್ಟ ಹತ್ತಿದರೆ ಉಳೀತು, ಇಲ್ಲ ಅಂದರೆ ಏಪ್ರಿಲ್ ಇದೆ.

ಭೌತಶಾಸ್ತ್ರ ಉಪನ್ಯಾಸಕ:
ಲೆಕ್ಕದಲ್ಲಿ ನಿಮ್ಮ ಮಾತು ತಪ್ಪಲ್ಲ. ಆದರೆ ಸರಾಸರಿ ನಷ್ಟ ಕೊಡುವ ಪ್ರಶ್ನೆಯನ್ನು ಅದೃಷ್ಟಕ್ಕೆ ಬಿಡೋದು ನನಗೆ ಒಪ್ಪಿಗೆ ಇಲ್ಲ. ಜನವರಿಯಲ್ಲಿ ಕೈ ಸುಟ್ಟುಕೊಂಡವರು ಏಪ್ರಿಲ್‌ನಲ್ಲಿ ಹಾಕಬೇಕಾದ್ದನ್ನೂ ಹಾಕಲ್ಲ. ಅಲ್ಲದೆ ಸ್ಕೋರ್ ಸಮ ಬಂದಾಗ ವಿಷಯವಾರು ನೋಡಿದ ಮೇಲೆ ತಪ್ಪು ಉತ್ತರಗಳ ಅನುಪಾತವನ್ನೂ ನೋಡ್ತಾರೆ.

ಕೋಚಿಂಗ್‌ನಲ್ಲಿ ಗಣಿತ ಕಲಿಸುವವರು:
ಅನುಪಾತದವರೆಗೆ ಹೋಗೋದು ಎಲ್ಲೋ ಅಪರೂಪ ಸರ್. ನಾನು ಜನವರಿ ಬಗ್ಗೆ ಹೇಳಿದ್ದನ್ನ ಬದಲಿಸಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್ ಸರ್. ಅನುಮಾನ ಇದ್ದದ್ದನ್ನ ಟೈಪ್ ಮಾಡಿ Save & Mark for Review ಒತ್ತಿದರೆ ಅದು ಲೆಕ್ಕಕ್ಕೆ ಬರಲ್ಲ ಅಲ್ವಾ?

ಭೌತಶಾಸ್ತ್ರ ಉಪನ್ಯಾಸಕ:
ಬರುತ್ತೆ! ಉತ್ತರ ಸೇವ್ ಆಗಿದ್ದರೆ ಮೌಲ್ಯಮಾಪನಕ್ಕೆ ಹೋಗುತ್ತೆ, ತಪ್ಪಿದ್ದರೆ ಮೈನಸ್ 1 ಬೀಳುತ್ತೆ. ಬಿಡಬೇಕು ಅಂತ ತೀರ್ಮಾನಿಸಿದರೆ ಆ ಪ್ರಶ್ನೆಗೆ ವಾಪಸ್ ಹೋಗಿ Clear Response ಒತ್ತು. ಆಮೇಲೆ ನೋಡೋಣ ಅಂತಿದ್ದರೆ ಸಂಖ್ಯೆಯನ್ನು ರಫ್ ಶೀಟ್‌ನಲ್ಲಿ ಬರೆದಿಟ್ಟು, ಸ್ಕ್ರೀನ್ ಮೇಲೆ ಖಾಲಿ ಬಿಟ್ಟು Mark for Review & Next ಒತ್ತು.