ಸಹಾಯ ಬೇಕು: ಒಂದೇ ಮೀಟರ್, 12 ಮನೆ, ನೀರಿನ ಖರ್ಚು ಹಂಚೋದು ಹೇಗೆ?

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಅಪಾರ್ಟ್‌ಮೆಂಟ್. ಏಪ್ರಿಲ್‌ನಲ್ಲಿ ನಲ್ಲಿ ನೀರಿಗೆ 2,400, ಏಳು ಟ್ಯಾಂಕರ್‌ಗೆ 4,200, ಬೋರ್‌ವೆಲ್ ಮೋಟಾರಿನ ಕರೆಂಟಿಗೆ 1,800 ರೂಪಾಯಿ ಆಯ್ತು. ಮನೆಗೆ 700ರಂತೆ ತಗೊಂಡೆವು. ಕೆಳಗಿನ ಮನೆಯಲ್ಲಿ ಅಜ್ಜಿ ಒಬ್ಬರೇ. ದಿನಕ್ಕೆ ನಾಲ್ಕೈದು ಬಕೆಟ್ ಸಾಕು ಅವರಿಗೆ. ಮಾತಾಡದೆ ದುಡ್ಡು ಎಣಿಸಿ ಕೊಟ್ಟರು, ನನಗೆ ತುಂಬಾ ಬೇಜಾರಾಯ್ತು. ಆರು ಜನರ ಮನೆಗೂ ಅಷ್ಟೇ ಅಲ್ವಾ?

ಮೋಟಾರಿನ ಖರ್ಚು ಮನೆಗೆ 150 ಅಂತ ಸಮ ಹಂಚಿ, ಉಳಿದ 6,600 ಅನ್ನು 33 ಜನರಿಗೆ ಹಂಚಿದರೆ ತಲೆಗೆ 200. ಆಗ ಅಜ್ಜಿಗೆ 350, ಆರು ಜನರ ಮನೆಗೆ 1,350. ಮನೆಗೊಂದು ಮೀಟರ್ ಹಾಕೋಣ ಅಂದರೆ ಬಾತ್‌ರೂಮಿಗೆ, ಅಡುಗೆಮನೆಗೆ ಬೇರೆ ಬೇರೆ ಪೈಪ್ ಇಳಿದಿವೆ, ಒಂದು ಸಾಲದು.

ತಲೆ ಲೆಕ್ಕ ನಡೆಸಿದವರು ಇದ್ದೀರಾ? ತಿಂಗಳುಗಟ್ಟಲೆ ಉಳಿಯುವ ನೆಂಟರನ್ನು, ಬೀಗ ಹಾಕಿದ ಮನೆಯನ್ನು ಹೇಗೆ ಲೆಕ್ಕ ಹಾಕ್ತೀರಿ?